ಪೀಣ್ಯದಿಂದ ಹುಬ್ಬಳ್ಳಿಗೆ ಎರಡು ಮೋಟಾರ್



ಬೆಂಗಳೂರಿನ ಪೀಣ್ಯದಲ್ಲಿ ಒಂದು ಸಣ್ಣ ಕಾರ್ಖಾನೆ. ಅಲ್ಲಿಂದ ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಎರಡು ವಿದ್ಯುತ್ ಮೋಟಾರ್ ಹೋಗಬೇಕಾಗಿದೆ ಅಂದುಕೊಳ್ಳಿ. ಎರಡರ ಬೆಲೆ ಸೇರಿ 47,000 ರೂಪಾಯಿ. ಮಾಲು ಕಳಿಸುವವರು, ಒಯ್ಯುವ ಲಾರಿಯವರು, ಇಬ್ಬರ ತಲೆಯಲ್ಲೂ ಒಂದೇ ಲೆಕ್ಕ: ಐವತ್ತು ಸಾವಿರ ದಾಟಿಲ್ಲವಲ್ಲ, ಇ-ವೇ ಬಿಲ್ ಯಾತಕ್ಕೆ? ತಪ್ಪು ಶುರುವಾಗುವುದೇ ಇಲ್ಲಿ. ಆ ಐವತ್ತು ಸಾವಿರ ಬರೀ ಮಾಲಿನ ಬೆಲೆಯಲ್ಲ, ತೆರಿಗೆಯೂ ಸೇರಿದ ಮೊತ್ತ. 47,000ಕ್ಕೆ ಶೇಕಡ 18ರಂತೆ ಜಿಎಸ್‌ಟಿ 8,460 ರೂಪಾಯಿ. ಒಟ್ಟು 55,460. ಇ-ವೇ ಬಿಲ್ ಬೇಕೇ ಬೇಕು.

ಈ ಎರಡು ಮೋಟಾರ್‌ಗಳ ಬೆನ್ನು ಹತ್ತಿ ನಾವೂ ಇವತ್ತು ಹುಬ್ಬಳ್ಳಿಯವರೆಗೆ ಹೋಗಿಬರೋಣ. ಸಣ್ಣ ಟ್ರಾನ್ಸ್‌ಪೋರ್ಟ್‌ನವರು ಎಲ್ಲೆಲ್ಲಿ ಎಡವುತ್ತಾರೆ ಎಂಬುದು ದಾರಿಯುದ್ದಕ್ಕೂ ಕಾಣುತ್ತದೆ.

ಹೊರಡುವ ಮುಂಚೆ ಒಂದು ಮಾತು. ಇ-ವೇ ಬಿಲ್ ಎಂದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಮಾಲಿನ ಮತ್ತು ಗಾಡಿಯ ವಿವರ ತುಂಬಿ ಪಡೆಯುವ 12 ಅಂಕಿಯ ಒಂದು ನಂಬರು. ಇದು ದೇಶಕ್ಕೆ ಬಂದದ್ದು 2018ರ ಏಪ್ರಿಲ್ 1ರಂದು. ಕರ್ನಾಟಕದವರಿಗೆ ಇದು ತೀರಾ ಹೊಸತೇನಲ್ಲ. ವ್ಯಾಟ್ ಕಾಲದಲ್ಲೇ ನಮ್ಮಲ್ಲಿ ಇ-ಸುಗಮ ಇತ್ತು. ಇ-ವೇ ಬಿಲ್ಲನ್ನು 2017ರ ಸೆಪ್ಟೆಂಬರ್‌ನಲ್ಲಿ ಮೊದಲು ಪ್ರಯೋಗ ಮಾಡಿ ನೋಡಿದ್ದೂ ನಮ್ಮ ರಾಜ್ಯದಲ್ಲೇ.

ಐವತ್ತು ಸಾವಿರದ ಲೆಕ್ಕ ಹಿಡಿಯುವುದು ಒಂದೊಂದು ಇನ್‌ವಾಯ್ಸ್‌ಗೆ. ಇಡೀ ಲಾರಿಯಲ್ಲಿರುವ ಮಾಲನ್ನು ಕೂಡಿಸುವಂತಿಲ್ಲ. ನಲವತ್ತು ಪಾರ್ಸೆಲ್‌ಗಳಿದ್ದು ಒಂದೊಂದೂ ಮೂವತ್ತು ಸಾವಿರದ್ದಾದರೆ ಸದ್ಯದ ನಿಯಮದಲ್ಲಿ ಯಾವುದಕ್ಕೂ ಇ-ವೇ ಬಿಲ್ ಬೇಡ, ಆದರೆ ಇನ್‌ವಾಯ್ಸ್ ಎಲ್ಲಕ್ಕೂ ಇರಬೇಕು. ಹಾಲು, ತಾಜಾ ತರಕಾರಿ, ಹಣ್ಣು, ಮನೆ ಬದಲಾಯಿಸುವವರ ಬಳಸಿದ ಸಾಮಾನು, ಇವಕ್ಕೆ ವಿನಾಯಿತಿಯಿದೆ. ಆ ಧೈರ್ಯದಲ್ಲಿ ಒಣ ಅಡಿಕೆಯನ್ನೂ ತೋಟದ ಬೆಳೆ ಎಂದು ಹೇರಿಕೊಂಡು ಹೊರಟರೆ ಸಿಕ್ಕಿಬೀಳುತ್ತೀರಿ. ಅದಕ್ಕೆ ತೆರಿಗೆಯಿದೆ, ಆದ್ದರಿಂದ ಬಿಲ್ಲೂ ಬೇಕು. ಇನ್ನೊಂದು ಗೊಂದಲ ಗಡಿಯದ್ದು. ತಮಿಳುನಾಡಿನಲ್ಲಿ ಮಿತಿ ಒಂದು ಲಕ್ಷವಂತೆ ಎಂದು ಅತ್ತಿಬೆಲೆ ದಾಟಿ ಹೊಸೂರಿಗೆ ಮಾಲು ಒಯ್ಯುವವರಿದ್ದಾರೆ. ಆ ಒಂದು ಲಕ್ಷ ತಮಿಳುನಾಡಿನೊಳಗೇ ಹೊರಟು ಅಲ್ಲೇ ಇಳಿಯುವ ಮಾಲಿಗೆ ಮಾತ್ರ. ರಾಜ್ಯದ ಗಡಿ ದಾಟಿದರೆ ಎಲ್ಲರಿಗೂ ಐವತ್ತು ಸಾವಿರವೇ.

ಈಗ ನಮ್ಮ ಮೋಟಾರ್‌ಗಳು. ಸೋಮವಾರ ಕಾರ್ಖಾನೆಯವರು ಇನ್‌ವಾಯ್ಸ್ ಬರೆದು ಪೋರ್ಟಲ್‌ನಲ್ಲಿ ಬಿಲ್ಲಿನ ಮೊದಲ ಭಾಗ ತುಂಬುತ್ತಾರೆ. ಅದಕ್ಕೆ ‘ಪಾರ್ಟ್ ಎ’ ಎನ್ನುತ್ತಾರೆ. ಯಾರಿಂದ ಯಾರಿಗೆ, ಯಾವ ಮಾಲು, ಎಷ್ಟು ಬೆಲೆ, ಇಷ್ಟು. ಜೊತೆಗೆ ಟ್ರಾನ್ಸ್‌ಪೋರ್ಟ್‌ನವರ ಐಡಿ ನಂಬರನ್ನೂ ಹಾಕುತ್ತಾರೆ. ‘ಪಾರ್ಟ್ ಬಿ’ ಎಂದರೆ ಗಾಡಿಯ ನಂಬರು. ಮೋಟಾರ್‌ಗಳು ಪೀಣ್ಯದಿಂದ ಟೆಂಪೊದಲ್ಲಿ ಯಶವಂತಪುರದ ಟ್ರಾನ್ಸ್‌ಪೋರ್ಟ್ ಗೋಡೌನಿಗೆ ಬರುತ್ತವೆ. ರಾಜ್ಯದೊಳಗೆ ಟ್ರಾನ್ಸ್‌ಪೋರ್ಟ್ ಆಫೀಸಿನವರೆಗಿನ ದಾರಿ 50 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ಟೆಂಪೊ ನಂಬರು ಬೇಕಿಲ್ಲ. ಈ ರಿಯಾಯಿತಿಯನ್ನು ಬಹಳ ಜನ ತಪ್ಪಾಗಿ ಹಿಡಿದುಕೊಂಡಿದ್ದಾರೆ. ಐವತ್ತು ಕಿಲೋಮೀಟರಿನೊಳಗೆ ಇ-ವೇ ಬಿಲ್ಲೇ ಬೇಡ ಎಂದಲ್ಲ. ಮೊದಲ ಭಾಗ ಇರಲೇಬೇಕು. ಅದೇ ಟೆಂಪೊ ಗೋಡೌನಿಗೆ ಹೋಗದೆ ನೇರವಾಗಿ ಗಿರಾಕಿಯ ಅಂಗಡಿಗೆ ಹೋದರೆ ದೂರ ಐದೇ ಕಿಲೋಮೀಟರಾದರೂ ಗಾಡಿ ನಂಬರು ಹಾಕಬೇಕು.

ಮಂಗಳವಾರ ಸಂಜೆ ಏಳಕ್ಕೆ ಮೋಟಾರ್‌ಗಳು ಲಾರಿಗೆ ಏರುತ್ತವೆ. ಗುಮಾಸ್ತರು ಲಾರಿ ನಂಬರು ಹಾಕುತ್ತಾರೆ. ಬಿಲ್ಲಿನ ಗಡಿಯಾರ ಓಡತೊಡಗುವುದು ಆ ಗಳಿಗೆಯಿಂದ. ಸೋಮವಾರದಿಂದ ಅಲ್ಲ.

ಎಷ್ಟು ದಿನ? ಪ್ರತಿ 200 ಕಿಲೋಮೀಟರಿಗೆ ಒಂದು ದಿನ, ಉಳಿದ ಚೂರಿಗೂ ಒಂದು ದಿನ. 2020ರ ಕೊನೆಯವರೆಗೂ ನೂರು ಕಿಲೋಮೀಟರಿಗೆ ಒಂದು ದಿನ ಕೊಡುತ್ತಿದ್ದರು. 2021ರ ಜನವರಿಯಿಂದ ಅದೇ ಒಂದು ದಿನದಲ್ಲಿ ಇನ್ನೂರು ಓಡಬೇಕು. ಹಳೆಯ ಲೆಕ್ಕವನ್ನೇ ತಲೆಯಲ್ಲಿಟ್ಟುಕೊಂಡವರು ಈಗಲೂ ಸಿಗುತ್ತಾರೆ. ನಮ್ಮ ದಾರಿ 415 ಕಿಲೋಮೀಟರ್ ಎಂದು ಇಟ್ಟುಕೊಳ್ಳೋಣ. ಎರಡು ಇನ್ನೂರು, ಮೇಲೆ ಹದಿನೈದು. ಆ ಹದಿನೈದಕ್ಕೂ ಪೂರ್ತಿ ಒಂದು ದಿನ ಸಿಗುತ್ತದೆ, ಒಟ್ಟು ಮೂರು. ದಿನ ಎಂದರೆ ಇಪ್ಪತ್ನಾಲ್ಕು ಗಂಟೆಯ ಲೆಕ್ಕವೂ ಅಲ್ಲ. ಗಾಡಿ ನಂಬರು ಹಾಕಿದ ಮಾರನೆಯ ದಿನದ ನಡುರಾತ್ರಿಗೆ ಮೊದಲ ದಿನ ಮುಗಿಯುತ್ತದೆ. ಮಂಗಳವಾರ ಸಂಜೆ ಹಾಕಿದ್ದಕ್ಕೆ ಮೊದಲ ದಿನ ಬುಧವಾರ ರಾತ್ರಿ ಹನ್ನೆರಡಕ್ಕೆ, ಎರಡನೆಯದು ಗುರುವಾರ, ಮೂರನೆಯದು ಶುಕ್ರವಾರ ರಾತ್ರಿ ಹನ್ನೆರಡಕ್ಕೆ. ಮಂಗಳವಾರ ಬೆಳಗಿನ ಜಾವವೇ ಹಾಕಿದ್ದರೂ ಅದೇ ಶುಕ್ರವಾರ. ಹಾಗಾಗಿ ಲಾರಿ ರಾತ್ರಿ ಹನ್ನೆರಡರ ಆಸುಪಾಸಿನಲ್ಲಿ ಹೊರಡುವುದಿದ್ದರೆ ನಂಬರನ್ನು ಹನ್ನೆರಡು ದಾಟಿದ ಮೇಲೆ ಹಾಕುವ ಜಾಣ ಗುಮಾಸ್ತರೂ ಇದ್ದಾರೆ. ಅದರಲ್ಲೇನೂ ತಪ್ಪಿಲ್ಲ, ನಂಬರು ಹಾಕುವವರೆಗೆ ಲಾರಿ ಅಲುಗದಿದ್ದರೆ ಸಾಕು.

ಹಿರಿಯೂರಿನ ಹತ್ತಿರ ಲಾರಿ ಕೆಟ್ಟಿತು. ಮಾಲನ್ನು ಇನ್ನೊಂದು ಲಾರಿಗೆ ಹಾಕಿದರು. ಇದು ದಾರಿಯಲ್ಲಿ ದಿನಾ ನಡೆಯುವ ಸಂಗತಿ, ಮತ್ತು ನನ್ನ ಅನುಭವದಲ್ಲಿ ಅತಿ ಹೆಚ್ಚು ಲಾರಿಗಳು ಸಿಕ್ಕಿಬೀಳುವ ಸಂಗತಿ. ಮಾಲು ಅದೇ, ಬಿಲ್ ಅದೇ, ತೆರಿಗೆ ಕಟ್ಟಿದ್ದೂ ನಿಜ, ಆದರೆ ಬಿಲ್ಲಿನಲ್ಲಿರುವ ನಂಬರು ಹಿರಿಯೂರಿನಲ್ಲಿ ಜಾಕ್ ಮೇಲೆ ನಿಂತಿರುವ ಲಾರಿಯದು. ತಪಾಸಣೆಯ ಅಧಿಕಾರಿಯ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಯೋಚಿಸಿ: ಮೊದಲ ಲಾರಿ ಒಂದು ಸಲ ಮಾಲು ಮುಟ್ಟಿಸಿ ಬಂದು, ಅದೇ ಬಿಲ್ಲಿನಲ್ಲಿ ಇನ್ನೊಂದು ಲೋಡು ಹೊರಟಿದೆಯೇ? ಹಾಗೆ ಮಾಡುವವರೂ ಇರುವುದರಿಂದ ಅವರ ಅನುಮಾನಕ್ಕೆ ಆಧಾರವಿದೆ. ಡ್ರೈವರ್ ಆಫೀಸಿಗೆ ಫೋನ್ ಮಾಡಬೇಕು, ಗುಮಾಸ್ತರು ಪಾರ್ಟ್ ಬಿಯಲ್ಲಿ ಹೊಸ ನಂಬರು ಹಾಕಬೇಕು, ಆಮೇಲೆ ಗಾಡಿ ಹೊರಡಬೇಕು. ಎಷ್ಟು ಸಲ ಬೇಕಾದರೂ ನಂಬರು ಬದಲಿಸಬಹುದು. ಆದರೆ ಹೊಸ ನಂಬರು ಹಾಕಿದರೆ ಹೊಸ ಮೂರು ದಿನ ಸಿಗುವುದಿಲ್ಲ. ಗಡುವು ಮಂಗಳವಾರ ಗೊತ್ತಾದ ಶುಕ್ರವಾರವೇ.

ನಂಬರು ಹಾಕುವಾಗ ಒಂದೆರಡು ಅಂಕಿ ತಪ್ಪಿದರೆ? ಅದಕ್ಕೆ ಕೇಂದ್ರ ಇಲಾಖೆಯೇ 2018ರ ಸೆಪ್ಟೆಂಬರ್‌ನ ಸುತ್ತೋಲೆಯಲ್ಲಿ ದಾರಿ ಬಿಟ್ಟಿದೆ. ಗಾಡಿ ನಂಬರಿನಲ್ಲಿ ಒಂದೆರಡು ಅಕ್ಷರ ಅಥವಾ ಅಂಕಿ, ಹೆಸರಿನ ಕಾಗುಣಿತ, ಇನ್‌ವಾಯ್ಸ್ ನಂಬರಿನ ಒಂದೆರಡು ಅಂಕಿ, ಇಂಥ ತಪ್ಪಿಗೆ ಕೇಂದ್ರ ಜಿಎಸ್‌ಟಿ ಅಡಿ 500, ರಾಜ್ಯ ಜಿಎಸ್‌ಟಿ ಅಡಿ 500, ಒಟ್ಟು ಸಾವಿರ ರೂಪಾಯಿ ದಂಡ ಕಟ್ಟಿ ಹೋಗಬಹುದು. ಪೂರ್ತಿ ಬೇರೆ ಲಾರಿಯ ನಂಬರಿದ್ದರೆ ಅದು ಕೈತಪ್ಪು ಎನಿಸಿಕೊಳ್ಳುವುದಿಲ್ಲ.

ಆಗ ಬರುವುದು ಜಿಎಸ್‌ಟಿ ಕಾಯ್ದೆಯ 129ನೇ ಸೆಕ್ಷನ್. ಗಾಡಿ ಮತ್ತು ಮಾಲನ್ನು ತಡೆಹಿಡಿಯುತ್ತಾರೆ. ಮಾಲಿನ ಮಾಲೀಕರು ಮುಂದೆ ಬಂದರೆ ತೆರಿಗೆಯ ಎರಡು ಪಟ್ಟು ದಂಡ; ನಮ್ಮ ಮೋಟಾರ್‌ಗಳಿಗೆ 8,460ರ ಎರಡು ಪಟ್ಟು, 16,920 ರೂಪಾಯಿ. ಮಾಲೀಕರು ಬರದಿದ್ದರೆ ಮಾಲಿನ ಬೆಲೆಯ ಅರ್ಧ ಅಥವಾ ತೆರಿಗೆಯ ಎರಡು ಪಟ್ಟು, ಯಾವುದು ಹೆಚ್ಚೋ ಅದು. ಏಳು ದಿನದೊಳಗೆ ನೋಟಿಸ್ ಕೊಡಬೇಕು, ಅದಾಗಿ ಏಳು ದಿನದೊಳಗೆ ಆದೇಶ ಬರಬೇಕು. ದಂಡಕ್ಕಿಂತ ನಿಂತ ಲಾರಿಯ ಬಾಡಿಗೆ ನಷ್ಟವೇ ಭಾರ ಎನ್ನುವುದನ್ನು ಕಂತು ಕಟ್ಟುವ ಲಾರಿ ಮಾಲೀಕರಿಗೆ ಹೇಳಿಕೊಡಬೇಕಾಗಿಲ್ಲ. ಪಾರ್ಸೆಲ್ ಲಾರಿಯವರಿಗೆ ಮಾತ್ರ ಇಲ್ಲಿ ಒಂದು ಆಸರೆಯಿದೆ. ಲಾರಿಯಲ್ಲಿ ಇಪ್ಪತ್ತೈದು ಜನರ ಮಾಲಿದ್ದು ಒಬ್ಬರದಕ್ಕೆ ಮಾತ್ರ ಇ-ವೇ ಬಿಲ್ ಇಲ್ಲದಿದ್ದರೆ ಆ ಒಂದನ್ನಷ್ಟೇ ತಡೆಯಬಹುದು ಎಂದು 2018ರ ಜೂನ್‌ನ ಸುತ್ತೋಲೆ ಹೇಳುತ್ತದೆ. ಇದನ್ನು ಕೇಳಿ ಪಡೆಯುವವರು ಕಡಿಮೆ.

ಗುರುವಾರ ಮೋಟಾರ್‌ಗಳು ಹುಬ್ಬಳ್ಳಿಯ ಗೋಡೌನ್ ಮುಟ್ಟಿದವು. ಇನ್ನೇನು ಮುಗಿಯಿತು ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಶುಕ್ರವಾರ ಅಂಗಡಿಯವರು ಊರಲ್ಲಿಲ್ಲ. ಶನಿವಾರ ಹಮಾಲರು ಸಿಗಲಿಲ್ಲ. ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಗೂಡ್ಸ್ ಆಟೋದಲ್ಲಿ ಮೋಟಾರ್‌ಗಳು ಅಂಗಡಿಗೆ ಹೊರಟವು, ದೂರ ನಾಲ್ಕು ಕಿಲೋಮೀಟರ್. ಇಲ್ಲಿಯೂ ಐವತ್ತು ಕಿಲೋಮೀಟರಿನೊಳಗೆ ಆಟೋ ನಂಬರು ಹಾಕಬೇಕಿಲ್ಲ. ಆದರೆ ಬಿಲ್ ಶುಕ್ರವಾರ ರಾತ್ರಿಯೇ ಸತ್ತಿದೆ. ಗೋಡೌನಿನಲ್ಲಿದ್ದ ಮಾತ್ರಕ್ಕೆ ಸಾಗಣೆ ಮುಗಿದಂತಲ್ಲ. ಮಾಲು ತರಿಸಿಕೊಂಡವರು ಆ ಗೋಡೌನನ್ನು ತಮ್ಮ ಹೆಚ್ಚುವರಿ ವ್ಯಾಪಾರದ ಸ್ಥಳ ಎಂದು ನೋಂದಾಯಿಸಿದ್ದರೆ ಮಾತು ಬೇರೆ.

ಇದಕ್ಕೆ ಮದ್ದು ಅವಧಿ ವಿಸ್ತರಣೆ. ಅದರ ಬಾಗಿಲು ತೆರೆದಿರುವುದು ಗಡುವಿಗೆ ಮುಂಚಿನ ಎಂಟು ಗಂಟೆ, ಆಮೇಲಿನ ಎಂಟು ಗಂಟೆ. ನಮ್ಮ ಬಿಲ್ಲಿಗೆ ಶುಕ್ರವಾರ ಸಂಜೆ ನಾಲ್ಕರಿಂದ ಶನಿವಾರ ಬೆಳಿಗ್ಗೆ ಎಂಟರವರೆಗೆ. ವಿಸ್ತರಿಸಬೇಕಾದವರು ಆಗ ಮಾಲು ಯಾರ ಕೈಯಲ್ಲಿದೆಯೋ ಆ ಟ್ರಾನ್ಸ್‌ಪೋರ್ಟ್‌ನವರು. ಕಾರಣ, ಮಾಲು ಈಗಿರುವ ಜಾಗ, ಉಳಿದ ದೂರ ಇಷ್ಟು ತುಂಬಿದರೆ ಆ ದೂರಕ್ಕೆ ತಕ್ಕಂತೆ ದಿನ ಸಿಗುತ್ತದೆ. ಹಲವು ಬಿಲ್‌ಗಳನ್ನು ಸೇರಿಸಿ ಮಾಡಿದ ಒಟ್ಟು ಬಿಲ್ಲಿದ್ದರೂ ಅದಕ್ಕೆ ತನ್ನದೇ ಅವಧಿಯಿಲ್ಲ; ಒಳಗಿನ ಒಂದೊಂದು ಬಿಲ್ಲಿನ ಗಡುವನ್ನೂ ಬೇರೆ ಬೇರೆಯಾಗಿ ನೋಡಬೇಕು. ಹೀಗೆ ಎಳೆಯುತ್ತಾ ಹೋಗುವುದಕ್ಕೂ ಮಿತಿಯಿದೆ: 2025ರ ಜನವರಿಯಿಂದ, ಬಿಲ್ ಮಾಡಿದ ದಿನದಿಂದ 360 ದಿನ.

ಗಡುವು ಮುಗಿದ ಮಾತ್ರಕ್ಕೆ ತೆರಿಗೆ ಕಳ್ಳತನ ಎಂದು ತೀರ್ಮಾನಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿದ್ದುಂಟು. 2020ರ ಜನವರಿಯಲ್ಲಿ ತೆಲಂಗಾಣದ ಕಾಗದ ವ್ಯಾಪಾರಿಯೊಬ್ಬರ ಮಾಲು ಪ್ರತಿಭಟನೆಯಿಂದ ರಸ್ತೆ ಮುಚ್ಚಿ ನಿಂತುಹೋಯಿತು. ಅಷ್ಟರಲ್ಲಿ ಬಿಲ್ಲಿನ ಅವಧಿ ಮುಗಿದು, ಆಮೇಲೆ ಮಾಲನ್ನು ತಡೆಹಿಡಿದರು. ತೆಲಂಗಾಣ ಹೈಕೋರ್ಟ್ ವ್ಯಾಪಾರಿಯ ಪರ ತೀರ್ಪಿತ್ತು ಇಲಾಖೆಗೆ ಹತ್ತು ಸಾವಿರ ಖರ್ಚು ಹಾಕಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇಲಾಖೆಯ ಮೇಲ್ಮನವಿ ತಳ್ಳಿಹಾಕಿ, ಆ ಖರ್ಚಿಗೆ ಇನ್ನೂ 59,000 ರೂಪಾಯಿ ಸೇರಿಸಿತು. ವ್ಯಾಪಾರಿ ಗೆದ್ದರು, ಎರಡು ವರ್ಷ ಹಿಡಿಯಿತು.

ನಮ್ಮ ಹುಬ್ಬಳ್ಳಿ ಗುಮಾಸ್ತರಿಗೆ ಬೇಕಾಗಿದ್ದುದು ಶುಕ್ರವಾರ ಸಂಜೆ ನಾಲ್ಕರ ಮೇಲೆ ಐದು ನಿಮಿಷ. ಇಲ್ಲವೇ ಶನಿವಾರ ಬೆಳಿಗ್ಗೆ ಎಂಟಕ್ಕೆ ಮುಂಚೆ, ಮನೆಯಲ್ಲಿ ಕೂತು ಮೊಬೈಲ್‌ನಲ್ಲೇ.