ಸಾಲಿನ ಉದ್ದಕ್ಕೂ ಓದಿದಾಗ ಸಿಗುವ ತಪ್ಪುಗಳು



ಫಲಿತಾಂಶ ಪ್ರಕಟಿಸುವ ಮುನ್ನ ಅಂಕಪಟ್ಟಿಯಲ್ಲಿ ತಪ್ಪು ಹುಡುಕುವುದು ಹೇಗೆ ಎಂಬುದು ಇಂದಿನ ವಿಷಯ. ನಾನು ಒಂದೇ ಮಾತನ್ನು ನಿಮ್ಮ ಮುಂದೆ ಇಡುತ್ತೇನೆ. ಮಗುವಿಗೆ ನಿಜವಾಗಿ ಅನ್ಯಾಯ ಮಾಡುವ ತಪ್ಪು ನೋಡುವುದಕ್ಕೆ ಸರಿಯಾದ ಅಂಕದಂತೆಯೇ ಇರುತ್ತದೆ. ಪಟ್ಟಿಯನ್ನು ಮೇಲಿಂದ ಕೆಳಕ್ಕೆ, ವಿಷಯವಾರು ನೋಡುತ್ತ ಹೋದರೆ ಅದು ಸಿಗುವುದಿಲ್ಲ. ಅಡ್ಡಕ್ಕೆ, ಒಂದೊಂದು ಮಗುವಿನ ಸಾಲನ್ನು ಓದಬೇಕು.

ಎಸ್ಸೆಸ್ಸೆಲ್ಸಿ ಮಾದರಿಯ ಪೂರ್ವಸಿದ್ಧತಾ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಪ್ರಥಮ ಭಾಷೆಯ ಲಿಖಿತ ಪರೀಕ್ಷೆಗೆ 100 ಅಂಕ, ಉಳಿದ ಐದು ವಿಷಯಗಳಿಗೆ ತಲಾ 80. ಯಾರಾದರೂ 80ರ ಕೋಶದಲ್ಲಿ 86 ಎಂದು ಒತ್ತಿದರೆ ತಂತ್ರಾಂಶವೇ ತಡೆಯುತ್ತದೆ. ಬಹುತೇಕ ಕಡೆ ಪರಿಶೀಲನೆ ಅಲ್ಲಿಗೇ ಮುಗಿದುಬಿಡುತ್ತದೆ. ಆದರೆ 61 ಎಂದು ಇರಬೇಕಾದಲ್ಲಿ 16 ಬಿದ್ದರೆ? ಅದೂ 80ರ ಒಳಗೇ ಇದೆ. ತಂತ್ರಾಂಶ ಒಪ್ಪಿಕೊಳ್ಳುತ್ತದೆ, ಮಗು ಅನುತ್ತೀರ್ಣವಾಗುತ್ತದೆ.

2019ರ ಏಪ್ರಿಲ್‌ನಲ್ಲಿ ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶದಲ್ಲಿ ತೆಲುಗಿನಲ್ಲಿ 99 ಪಡೆದಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಸೊನ್ನೆ ಎಂದು ಪ್ರಕಟವಾಯಿತು. ರಾಜ್ಯ ಸರ್ಕಾರ ಸಮಿತಿ ನೇಮಿಸಬೇಕಾಯಿತು, ಅನುತ್ತೀರ್ಣರಾದವರೆಲ್ಲರ ಉತ್ತರ ಪತ್ರಿಕೆಗಳನ್ನು ಶುಲ್ಕವಿಲ್ಲದೆ ಮರುಪರಿಶೀಲಿಸಲು ಆದೇಶಿಸಬೇಕಾಯಿತು. ಸೊನ್ನೆಯೂ ಅಂಕದ ಮಿತಿಯೊಳಗಿನ ಸಂಖ್ಯೆಯೇ ಎಂಬುದನ್ನು ಗಮನಿಸಿ.

ಈಗ ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಇದು ವಿವರಣೆಗಾಗಿ ನಾನೇ ಬರೆದುಕೊಂಡ ಉದಾಹರಣೆ. ಪ್ರಥಮ ಭಾಷೆಯ ಅಂಕವನ್ನೂ 80ಕ್ಕೆ ಇಳಿಸಿಕೊಂಡ ಮೇಲೆ ಒಬ್ಬ ಹುಡುಗಿಯ ಆರು ಅಂಕಗಳು ಹೀಗಿವೆ: 58, 61, 55, 16, 60, 57. ಕಣ್ಣಿಗೆ ಆ 16 ತಕ್ಷಣ ಚುಚ್ಚುತ್ತದೆ. ಆದರೆ ಇಡೀ ತಾಲ್ಲೂಕಿನ ಸಾವಿರಾರು ಸಾಲುಗಳನ್ನು ಕಣ್ಣಿನಿಂದ ಓದಲಾಗದು, ಸೂತ್ರ ಬೇಕೇ ಬೇಕು. ಸಾಮಾನ್ಯವಾಗಿ ನಾವು ಕಲಿತಿರುವ ಸೂತ್ರ ಸರಾಸರಿ ಮತ್ತು ಮಾನಕ ವಿಚಲನೆಯದು. ಸರಾಸರಿಯಿಂದ ಮೂರು ಮಾನಕ ವಿಚಲನೆಗಿಂತ ಆಚೆ ಇದ್ದರೆ ಅನುಮಾನಿಸಿ ಎನ್ನುತ್ತದೆ ಅದು. ಲೆಕ್ಕ ಹಾಕಿ ನೋಡಿ: ಸರಾಸರಿ ಸುಮಾರು 51, ಮಾನಕ ವಿಚಲನೆ ಸುಮಾರು 17. ಆ 16 ಇರುವುದು ಬರೀ ಎರಡು ವಿಚಲನೆಯಷ್ಟು ದೂರದಲ್ಲಿ. ಹಾಗಾಗಿ ಅದು ಪಾಸಾಗಿಬಿಡುತ್ತದೆ!

ಕಾರಣ ಸರಳ. ತಪ್ಪು ಅಂಕವೇ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ವಿಚಲನೆಯನ್ನೂ ಉಬ್ಬಿಸುತ್ತದೆ. ಆರೇ ಅಂಕಗಳಿರುವ ಸಾಲಿನಲ್ಲಿ ಯಾವ ಅಂಕವೂ 2.04 ವಿಚಲನೆಗಿಂತ ದೂರ ಹೋಗಲು ಗಣಿತವೇ ಬಿಡುವುದಿಲ್ಲ. ಅಂದರೆ ಮಗುವಿನ ಸಾಲಿಗೆ ಮೂರು ವಿಚಲನೆಯ ನಿಯಮ ಹಾಕಿದವರಿಗೆ ಎಷ್ಟೇ ವರ್ಷ ಹುಡುಕಿದರೂ ಒಂದು ತಪ್ಪೂ ಸಿಗುವುದಿಲ್ಲ. ‘ನಮ್ಮ ಪಟ್ಟಿ ಶುದ್ಧವಾಗಿದೆ’ ಎಂಬ ನೆಮ್ಮದಿಯೊಂದು ಉಳಿಯುತ್ತದೆ, ಅದು ಸುಳ್ಳು ನೆಮ್ಮದಿ.

ಸರಾಸರಿಯ ಬದಲು ಮಧ್ಯಾಂಕ ಹಿಡಿಯಿರಿ. ಈ ಸಾಲಿನ ಮಧ್ಯಾಂಕ 57.5. ಪ್ರತಿ ಅಂಕವೂ ಅದರಿಂದ ಎಷ್ಟು ದೂರವಿದೆ ಎಂದು ಬರೆದುಕೊಂಡು, ಆ ದೂರಗಳ ಮಧ್ಯಾಂಕ ತೆಗೆದರೆ 2.5 ಬರುತ್ತದೆ. ಈ ಹುಡುಗಿಯ ಅಂಕಗಳ ಸಹಜ ಏರಿಳಿತ ಅಷ್ಟೇ. 16 ಇರುವುದು 41.5 ದೂರದಲ್ಲಿ, ಅಂದರೆ ಸಹಜ ಏರಿಳಿತದ ಹದಿನಾರು ಪಟ್ಟಿಗೂ ಮೀರಿ. ಅಂಕಗಳು C ಇಂದ H ವರೆಗಿನ ಕಂಬಗಳಲ್ಲಿದ್ದರೆ ಆ 2.5 ಕೊಡುವ ಸೂತ್ರ ಇದು:

```
=MEDIAN(ABS(C2:H2-MEDIAN(C2:H2)))
```

ಹಳೆಯ ಎಕ್ಸೆಲ್‌ನಲ್ಲಿ ಇದನ್ನು `Ctrl+Shift+Enter` ಒತ್ತಿ ಸೇರಿಸಬೇಕು. ಇನ್ನೊಂದು ಎಚ್ಚರವಿದೆ. ಕೆಲವು ಮಕ್ಕಳಿಗೆ ನಾಲ್ಕು ವಿಷಯಗಳಲ್ಲಿ ಒಂದೇ ಅಂಕ ಬಂದು ಈ ಉತ್ತರ ಸೊನ್ನೆಯಾಗಬಹುದು. ಆಗ ಎರಡು ಅಂಕದ ವ್ಯತ್ಯಾಸವೂ ಭೂತವಾಗಿ ಕಾಣುತ್ತದೆ. ಆದ್ದರಿಂದ ಮೂರು ಅಂಕಕ್ಕಿಂತ ಕಡಿಮೆ ಬಂದರೆ ಮೂರು ಎಂದೇ ಇಟ್ಟುಕೊಳ್ಳಿ.

ಗಣಿತದ ಪ್ರಶ್ನೆಪತ್ರಿಕೆ ಕಠಿಣವಾಗಿದ್ದರೆ ಎಲ್ಲರ ಗಣಿತದ ಅಂಕವೂ ಹೊರಬಿದ್ದಂತೆ ಕಾಣುವುದಿಲ್ಲವೇ ಎಂದು ನೀವು ಕೇಳಬೇಕು. ಕಾಣುತ್ತದೆ. ಅದಕ್ಕಾಗಿ ಮೊದಲು ಪ್ರತಿ ಅಂಕದಿಂದ ಆ ವಿಷಯದ ಮಧ್ಯಾಂಕವನ್ನು ಕಳೆದು, ಉಳಿದದ್ದರ ಮೇಲೆ ಈ ಪರೀಕ್ಷೆ ಮಾಡಬೇಕು. ಹತ್ತು ಹನ್ನೆರಡು ಮಕ್ಕಳಿರುವ ಹಳ್ಳಿಯ ಶಾಲೆಯ ಮಧ್ಯಾಂಕವನ್ನು ನೆಚ್ಚಿಕೊಳ್ಳಲಾಗದು, ಅಲ್ಲಿ ತಾಲ್ಲೂಕಿನದನ್ನು ಬಳಸಿ. ಪ್ರಥಮ ಭಾಷೆ ಕನ್ನಡವಲ್ಲದೆ ಉರ್ದು ಅಥವಾ ಸಂಸ್ಕೃತ ಇರುವ ಮಕ್ಕಳಿಗೆ ಆಯಾ ಪತ್ರಿಕೆಯ ಮಧ್ಯಾಂಕವೇ ಬೇಕು.

ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿದೆ, ಸಾಲು ಜಾರುವುದು. ವಿಜ್ಞಾನದ ಪರೀಕ್ಷೆಗೆ 17ನೇ ಸಾಲಿನ ಹುಡುಗ ಗೈರುಹಾಜರು. ಉತ್ತರ ಪತ್ರಿಕೆಗಳ ಕಟ್ಟಿನಲ್ಲಿ ಅವನ ಪತ್ರಿಕೆ ಇಲ್ಲ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಒತ್ತುತ್ತಾರೆ. 18ರ ಅಂಕ 17ಕ್ಕೆ ಬೀಳುತ್ತದೆ, 19ರದ್ದು 18ಕ್ಕೆ. ಹೀಗೇ 40ರವರೆಗೆ ಸಾಗಿ ಕೊನೆಯ ಕೋಶ ಖಾಲಿ ಉಳಿಯುತ್ತದೆ. ಸಂಜೆಯ ಅವಸರದಲ್ಲಿ ಯಾರೋ ಅಲ್ಲಿ ಗೈರು ಎಂದು ತುಂಬಿಬಿಡುತ್ತಾರೆ. ಈಗ ಕಂಬದ ಮೊತ್ತ ಸರಿ, ಸರಾಸರಿ ಸರಿ, ಗೈರಾದವರ ಸಂಖ್ಯೆಯೂ ಸರಿ. ಆದರೆ 24 ಮಕ್ಕಳ ವಿಜ್ಞಾನದ ಕೋಶ ತಪ್ಪು. ಅಕ್ಕಪಕ್ಕದ ಮಕ್ಕಳ ಅಂಕ ಹತ್ತಿರ ಹತ್ತಿರವಿದ್ದಲ್ಲಿ ಮೇಲಿನ ಸಾಲುಪರೀಕ್ಷೆಗೂ ಇದು ದಕ್ಕುವುದಿಲ್ಲ.

ಇಲ್ಲಿ ಗಣಿತದ ಕಂಬ ಸಾಕ್ಷಿ ಹೇಳುತ್ತದೆ. ಗಣಿತದಲ್ಲಿ ಮುಂದಿರುವವರು ವಿಜ್ಞಾನದಲ್ಲೂ ಸಾಮಾನ್ಯವಾಗಿ ಮುಂದಿರುತ್ತಾರೆ. ಗಣಿತ D ಯಲ್ಲೂ ವಿಜ್ಞಾನ E ಯಲ್ಲೂ ಇದ್ದರೆ ಎರಡು ಸಂಬಂಧಾಂಕ ತೆಗೆಯಿರಿ, ಒಂದು ಇದ್ದಂತೆಯೇ, ಇನ್ನೊಂದು ಒಂದು ಸಾಲು ಸರಿಸಿ:

```
=CORREL(D17:D39,E17:E39)
=CORREL(D18:D40,E17:E39)
```

ಎರಡನೆಯದು ಮೊದಲನೆಯದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಸಾಲು ಜಾರಿದೆ ಎಂದು ಬಲವಾಗಿ ಅನುಮಾನಿಸಿ. ಬಳಿಕ ಕೊಠಡಿ ಮೇಲ್ವಿಚಾರಕರು ಬರೆದ ಗೈರುಹಾಜರಿ ಪಟ್ಟಿ ತೆಗೆದು, ಹೆಸರಿಗೆ ಹೆಸರು ಹೋಲಿಸಿದರೆ ನಿಮಿಷಗಳಲ್ಲಿ ನಿರ್ಧಾರವಾಗುತ್ತದೆ. ಬರೀ ಗೈರಾದವರ ಸಂಖ್ಯೆ ಹೋಲಿಸಿ ಸುಮ್ಮನಾಗಬಾರದು ಎನ್ನುವುದು ಇದಕ್ಕೇ.

ಇಬ್ಬರು ಬೇರೆ ಬೇರೆಯಾಗಿ ನಮೂದಿಸಿ ಹೋಲಿಸುವ ಕ್ರಮ ಇವೆಲ್ಲಕ್ಕಿಂತ ಗಟ್ಟಿ, ಸಾಧ್ಯವಿದ್ದಲ್ಲಿ ಅದನ್ನೇ ಮಾಡಿ. ಆದರೂ ಮೌಲ್ಯಮಾಪಕರು ಬರೆದ 1 ಇಬ್ಬರ ಕಣ್ಣಿಗೂ 7 ಎಂದು ಕಂಡರೆ, ಅಥವಾ ಮುಖಪುಟದಲ್ಲೇ ಮೊತ್ತ ತಪ್ಪಾಗಿದ್ದರೆ ಇಬ್ಬರೂ ಅದೇ ತಪ್ಪನ್ನು ಒತ್ತುತ್ತಾರೆ. ಹಾಗಾಗಿ ಸಾಲು ಓದುವ ಪರೀಕ್ಷೆ ಆಗಲೂ ಬೇಕಾಗುತ್ತದೆ.

ಕೊನೆಯದಾಗಿ, ಹೊರಬಿದ್ದ ಅಂಕವೆಲ್ಲ ತಪ್ಪು ಅಂಕವಲ್ಲ. ಜ್ವರದಲ್ಲಿ ಬಂದು ಅರ್ಧಕ್ಕೇ ಎದ್ದುಹೋದ ಮಗುವಿಗೆ 16 ನಿಜವಾಗಿಯೇ ಬಂದಿರಬಹುದು. ಆ ಅಂಕವನ್ನು ತಿರುವಿ ಹಾಕಿದರೆ 61 ಆಗುತ್ತದೆ, ಸಾಲಿಗೆ ಚೆನ್ನಾಗಿ ಹೊಂದುತ್ತದೆ ಎಂಬ ಕಾರಣಕ್ಕೆ ಪರದೆಯ ಮೇಲೆಯೇ ತಿದ್ದಿಬಿಟ್ಟರೆ ನಾವೇ ಹೊಸ ತಪ್ಪು ಸೃಷ್ಟಿಸಿದಂತೆ. ಸೂತ್ರಕ್ಕೆ ಪ್ರಶ್ನೆ ಎತ್ತುವ ಹಕ್ಕಷ್ಟೇ ಇದೆ, ಉತ್ತರ ಪತ್ರಿಕೆಗೆ ಮಾತ್ರ ತೀರ್ಮಾನದ ಹಕ್ಕು.

ಮಧ್ಯಾಹ್ನದ ಗೋಷ್ಠಿಯಲ್ಲಿ ನೀವು ನಿಮ್ಮ ಶಾಲೆಗೊಂದು ಕ್ರಮ ಬರೆದುಕೊಳ್ಳುವಾಗ ಮೂರು ಸಂಗತಿಗಳನ್ನು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಅನುಮಾನ ಬಂದ ಪ್ರತಿ ಕೋಶಕ್ಕೂ ಉತ್ತರ ಪತ್ರಿಕೆ ತೆರೆದು ನೋಡಿ. ತಿದ್ದಿದರೆ ಹಳೆಯ ಅಂಕ, ಹೊಸ ಅಂಕ, ದಿನಾಂಕ ಮತ್ತು ಇಬ್ಬರ ಸಹಿ ಉಳಿಯಲಿ. ತಿದ್ದುವ ಅಗತ್ಯವಿಲ್ಲ ಎಂದು ಕಂಡರೆ ಅದನ್ನೂ ಬರೆದಿಡಿ. ಇಷ್ಟು ಮುಗಿಯದೆ ಪಟ್ಟಿಯನ್ನು ದಯವಿಟ್ಟು ಸೂಚನಾ ಫಲಕಕ್ಕೆ ಅಂಟಿಸಬೇಡಿ.