ಒಂದು ಕೊಠಡಿ, ಮೂರು ತರಗತಿ, ಒಂದು ಕಳೆಯುವ ಲೆಕ್ಕ

(ಸುವರ್ಣ ಮಹೋತ್ಸವದ ಶಿಕ್ಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪ್ರೌಢಶಾಲೆಯ ಹಬ್ಬದಲ್ಲಿ ಕಿರಿಯ ಪ್ರಾಥಮಿಕ ಶಾಲೆಯ ಮೇಡಂಗೆ ಏನು ಕೆಲಸ ಎಂದು ಕೇಳಬಹುದು. ಇಲ್ಲಿಯ ಗಣಿತದ ಮೇಷ್ಟ್ರು ಹೇಳುವ ಮಾತೊಂದಿದೆ: ಎಂಟನೇ ತರಗತಿಗೆ ಬಂದ ಕೆಲವು ಮಕ್ಕಳು 42ರಲ್ಲಿ 17 ಕಳೆದು 35 ಎಂದು ಬರೆಯುತ್ತಾರೆ. ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬುದಷ್ಟೇ ಅವರಿಗೆ ಉಳಿದಿದೆ. ಅದು ಕೈತಪ್ಪುವುದು ನಮ್ಮಂಥವರ ಕೊಠಡಿಯಲ್ಲಿ, ಎರಡನೇ ತರಗತಿಯ ಹೊತ್ತಿಗೆ.

ನಮ್ಮಲ್ಲಿ ಒಂದರಿಂದ ಮೂರನೇ ತರಗತಿವರೆಗೆ ಒಂದೇ ಕೊಠಡಿ, ಒಬ್ಬಳೇ ಶಿಕ್ಷಕಿ. ಹತ್ತೊಂಬತ್ತು ಮಕ್ಕಳು: ಒಂದನೆಯದರಲ್ಲಿ ಏಳು, ಉಳಿದೆರಡರಲ್ಲಿ ಆರಾರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ನಮಗೆ ಕಲಿಕಾ ಏಣಿ, ಕಾರ್ಡು, ಗುಂಪುಗಳನ್ನು ಕೊಟ್ಟಿದೆ. ಆದರೆ ಇಂದು ನಾನು ಯಾರ ಪಕ್ಕ ಎಷ್ಟು ಹೊತ್ತು ಕೂರಬೇಕು ಎಂಬುದನ್ನು ಯಾವ ಕಾರ್ಡೂ ಹೇಳುವುದಿಲ್ಲ. ಪಾಠಯೋಜನೆ ಎಂದರೆ ನನ್ನ ಪಾಲಿಗೆ ಅದೇ. ಮೂರು ತರಗತಿಗೆ ಮೂರು ಯೋಜನೆ ಬರೆದರೆ ಮೂರಕ್ಕೂ ಒಂದೇ ಹೊತ್ತಿಗೆ ನಾನು ಬೇಕಾಗುತ್ತೇನೆ. ಆದ್ದರಿಂದ ಒಂದು ದಿನ ಹೊಸ ವಿಷಯ ಒಂದೇ ಗುಂಪಿಗೆ. ಉಳಿದೆರಡಕ್ಕೆ ಗೊತ್ತಿರುವುದರ ಅಭ್ಯಾಸ, ಅದೂ ತಪ್ಪು-ಸರಿಯನ್ನು ಮಕ್ಕಳೇ ನೋಡಿಕೊಳ್ಳುವಂಥದ್ದು.

ಒಂದು ದಿನದ ಎಂಬತ್ತು ನಿಮಿಷ ಹೇಳುತ್ತೇನೆ. ಅಂದು ಎರಡನೇ ತರಗತಿಗೆ ದಶಕ ಬಿಡಿಸಿ ಕಳೆಯುವುದು ಹೊಸದು. ಮೊದಲ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ ಅಂಗಡಿಯ ಮಾತು. ಒಂದನೆಯವರಿಗೆ ಐದು ರೂಪಾಯಿಯಲ್ಲಿ ಎರಡು ಖರ್ಚಾದರೆ ಎಷ್ಟು ಉಳಿಯಿತು, ಮೂರನೆಯವರಿಗೆ ಐನೂರರ ನೋಟಿಗೆ ಚಿಲ್ಲರೆ ಎಷ್ಟು.

ಆಮೇಲೆ ಒಂದನೆಯವರಿಗೆ ಒಂಬತ್ತು ಹುಣಸೆ ಬೀಜ, ಒಂದು ಕರಟ. ಒಬ್ಬ ಕೆಲವು ಬೀಜ ಕರಟದಡಿ ಮುಚ್ಚುತ್ತಾನೆ, ಜೊತೆಗಾರ ಹೊರಗಿರುವುದನ್ನು ಎಣಿಸಿ ಒಳಗೆಷ್ಟು ಎಂದು ಹೇಳುತ್ತಾನೆ. ಕರಟ ಎತ್ತಿದರೆ ಉತ್ತರ ಅಲ್ಲೇ ಇದೆ, ಮೇಡಂ ಬೇಕಿಲ್ಲ. ಮೂರನೆಯವರಿಗೆ ಮೂರಂಕಿಯ ಕಳೆಯುವ ಲೆಕ್ಕ, ಪ್ರತಿಯೊಂದನ್ನೂ ಕೂಡಿ ತಾಳೆ ನೋಡಬೇಕು.

ನಾನು ಎರಡನೆಯವರ ಜೊತೆ ನೆಲದ ಮೇಲೆ. ನಾಲ್ಕು ಕಡ್ಡಿಕಟ್ಟು, ಎರಡು ಬಿಡಿ ಕಡ್ಡಿ. ಇದರಲ್ಲಿ ಹದಿನೇಳು ಕೊಡಿ ಎನ್ನುತ್ತೇನೆ. ಒಂದು ಕಟ್ಟನ್ನು ಸಲೀಸಾಗಿ ಕೊಡುತ್ತಾರೆ, ಏಳು ಬಿಡಿ ಕೊಡಲು ಹೋಗಿ ನಿಲ್ಲುತ್ತಾರೆ. ಆ ನಿಲುಗಡೆಯಲ್ಲಿ ನಾನು ಬಾಯಿ ಬಿಡುವುದಿಲ್ಲ. ಯಾರಾದರೊಬ್ಬರು ರಬ್ಬರ್‌ಬ್ಯಾಂಡ್ ತೆಗೆಯುವವರೆಗೆ ಕಾಯಬೇಕು. ತೆಗೆದರೆ ಬಿಡಿ ಹನ್ನೆರಡು; ಏಳು ಕೊಟ್ಟರೆ ಐದು, ಕಟ್ಟು ಎರಡು, ಒಟ್ಟು ಇಪ್ಪತ್ತೈದು. ಕಟ್ಟು ಬಿಚ್ಚಿದ್ದನ್ನು ಕೈ ನೋಡಿದ ಮೇಲೆಯೇ ಸ್ಲೇಟಿನಲ್ಲಿ 4 ಹೊಡೆದು 3 ಬರೆಯುವುದು. ಮೊದಲೇ ಬರೆಸಿದರೆ ಅದು ಬರೀ ಗೀಟು. ಬೇರೆ ಬೇರೆ ಸಂಖ್ಯೆ ಕೊಟ್ಟಾಗಲೂ ಇಬ್ಬರು ಮೂವರು ಕೇಳದೆಯೇ ಕಟ್ಟು ಬಿಚ್ಚಿದರೆ ನಾನು ಏಳಬಹುದು. ಸುಮಾರು ಇಪ್ಪತ್ತೈದು ನಿಮಿಷ ಹಿಡಿಯುತ್ತದೆ.

ಕೆಡುವುದು ಈ ನಡುವೆಯೇ. ಹದಿನೈದು ನಿಮಿಷಕ್ಕೆ ಬೀಜಗಳು ಹಾರತೊಡಗುತ್ತವೆ, ಮೂರನೆಯವರು "ಮೇಡಂ, ಆಯ್ತು" ಎಂದು ಸಾಲುಗಟ್ಟುತ್ತಾರೆ. ಆ ಸಾಲು ಕಂಡರೆ ಯೋಜನೆ ಸಡಿಲವಾಗಿದೆ ಎಂದೇ ಅರ್ಥ. ಅದಕ್ಕೆ ಪ್ರತಿ ಗುಂಪಿಗೂ ಎರಡನೇ ಕೆಲಸವೊಂದು ಗೋಡೆಯ ಮೇಲೆ ಮೊದಲೇ ಇರಬೇಕು. ಮೂರನೆಯವರಿಗೆ ನಾನು ಬರೆಯುವುದು: "ಉತ್ತರ 146 ಬರುವಂತೆ, ದಶಕ ಬಿಡಿಸಲೇಬೇಕಾದ ಲೆಕ್ಕ ನೀವೇ ಮಾಡಿ." 382ರಲ್ಲಿ 236 ಎಂದು ಒಬ್ಬಳು ತಂದಳೆಂದರೆ ಅವಳಿಗೆ ಅದು ಬಂದಿದೆ. ಬರದವನನ್ನು ನಾಳೆ ಕಡ್ಡಿಕಟ್ಟಿನ ಗುಂಪಿಗೆ ಕೂರಿಸುತ್ತೇನೆ, ಹಾಜರಿ ಪುಸ್ತಕದಲ್ಲಿ ಅವನು ಮೂರನೇ ತರಗತಿಯಾದರೂ ಸರಿ.

ದೊಡ್ಡವರಿಂದ ಚಿಕ್ಕವರಿಗೆ ಪಾಠ ಹೇಳಿಸಬಹುದಲ್ಲ ಎನ್ನುತ್ತಾರೆ. ಹತ್ತು ನಿಮಿಷಕ್ಕೆ ಒಳ್ಳೆಯದು. ದಿನವೂ ಅದೇ ಹುಡುಗಿಯನ್ನು ಬೀಜದ ಗುಂಪಿಗೆ ಕಳಿಸಿದರೆ ಅವಳ ಮೂರಂಕಿಯ ಲೆಕ್ಕ ಯಾರು ನೋಡಬೇಕು? ನಮ್ಮಲ್ಲಿ ಹೀಗೆ ಸದಾ ಸಿಕ್ಕಿಬೀಳುವುದು ಜಾಣ ಹೆಣ್ಣುಮಕ್ಕಳೇ.

ಉಳಿದ ಸಮಯ ಮೂರನೆಯವರಿಗೆ ಇಪ್ಪತ್ತು ನಿಮಿಷ, ಒಂದನೆಯವರಿಗೆ ಹದಿನೈದು. ಕೊನೆಯ ಹತ್ತರಲ್ಲಿ ಎರಡನೆಯವರ ಸ್ಲೇಟು ನೋಡುತ್ತೇನೆ. ಬಿಸಿಯೂಟದ ಲೆಕ್ಕ ಬರೆಯುವ ದಿನ, ಸಭೆಯಿರುವ ದಿನ ಹೊಸದನ್ನು ಇಟ್ಟುಕೊಳ್ಳುವುದಿಲ್ಲ. ಮೂರೂ ಗುಂಪಿಗೆ ಅಭ್ಯಾಸವೇ. ಮಕ್ಕಳು ಮೂವತ್ತು ದಾಟಿದರೆ ಈ ಲೆಕ್ಕಾಚಾರ ನಿಲ್ಲುವುದಿಲ್ಲ, ಅಲ್ಲಿ ಇನ್ನೊಬ್ಬ ಶಿಕ್ಷಕರೇ ಬೇಕು.

ಸಂಜೆ ದಿನಚರಿಯಲ್ಲಿ ಬರೆಯುವುದು ಒಂದು ಸಾಲು. ಅಂದು ಬರೆದದ್ದು: "ಆರರಲ್ಲಿ ನಾಲ್ವರು ಕಟ್ಟು ಬಿಚ್ಚಿದರು. ಇಬ್ಬರು 35 ಎಂದರು. ನಾಳೆ ಆ ಇಬ್ಬರು, ಮೂರನೇ ತರಗತಿಯ ಒಬ್ಬ, ನನ್ನ ಜೊತೆ."