ಕೊಡಲಿಯ ಕಾವು



ಕಾವು ಸಡಿಲವಾದ ಕೊಡಲಿಯನ್ನು ರಾತ್ರಿಯೆಲ್ಲ ನೀರಿನ ತೊಟ್ಟಿಯಲ್ಲಿ ಅದ್ದಿಡುವುದು ನಮ್ಮ ಮನೆಗಳಲ್ಲಿ ಬಹು ಹಳೆಯ ಉಪಾಯ. ಬೆಳಗಾಗುವ ವೇಳೆಗೆ ಮರ ಉಬ್ಬಿ ತಲೆ ಬಿಗಿಯಾಗಿರುತ್ತದೆ. ಅಂದಿನ ಸೌದೆಯೂ ಸೀಳಿ ಮುಗಿಯುತ್ತದೆ. ಆದರೆ ಮರ ಮತ್ತೆ ಒಣಗಿದ ಮೇಲೆ ಅದು ಮೊದಲಿಗಿಂತ ಹೆಚ್ಚಾಗಿ ಅಲುಗುವುದು. ಇದೇಕೆ? ಉಬ್ಬುವ ಮರಕ್ಕೆ ಸುತ್ತಲೂ ಕಬ್ಬಿಣದ ತಡೆಯಿದೆಯಷ್ಟೆ. ಹೊರಕ್ಕೆ ಹಿಗ್ಗಲು ಎಡೆಯಿಲ್ಲದೆ ಅದರ ಎಳೆಗಳು ಅದುಮಿಹೋಗುತ್ತವೆ; ಒಣಗಿದಾಗ ಹಿಂದಿನ ಗಾತ್ರಕ್ಕಿಂತಲೂ ಕುಗ್ಗುತ್ತವೆ. ಆದುದರಿಂದ ನೀರು ಕುಡಿಸಿದ ಕಾವನ್ನು ಒಂದಲ್ಲ ಒಂದು ದಿನ ಬದಲಾಯಿಸಲೇಬೇಕು.

ಯಲಹಂಕ, ಹೆಬ್ಬಾಳಗಳ ಕಡೆ ಈ ತೊಡಕು ಫಾಲ್ಗುಣದಲ್ಲಿ ಎದ್ದು ಕಾಣುತ್ತದೆ. ಶ್ರಾವಣದ ತೇವದಲ್ಲಿ ಹಾಕಿಸಿದ ಹಸಿಗಾವು ಮಾರ್ಚಿಯ ಒಣಗಾಳಿಗೆ ಬತ್ತಿರುತ್ತದೆ. ಮೇ ತಿಂಗಳ ಮೊದಲ ಬಿರುಗಾಳಿಗೆ ಅಂಗಳದ ಕೊಂಬೆ ಮುರಿದು ಬಿದ್ದಾಗ ನಾವು ಹುಡುಕುವುದು ಆ ಕೊಡಲಿಯನ್ನೇ. ತಲೆ ಕಳಚಿ ಹಾರಿದರೆ ಎದುರಿಗೆ ನಿಂತವರ ಗತಿಯನ್ನು ವಿವರಿಸಬೇಕಾಗಿಲ್ಲ.

ಕಾವಿಗೆ ಬೇಕಾದುದು ಬರಿಯ ಗಡಸುತನವಲ್ಲ. ಏಟಿಗೆ ಬಾಗಿ ಮತ್ತೆ ನೆಟ್ಟಗಾಗುವ ಗುಣ. ಸಾವನದುರ್ಗದಂತಹ ಕಾಡುಗಳಲ್ಲಿ ಬೆಳೆಯುವ ದಿಂಡಿಗ ಈ ಕೆಲಸಕ್ಕೆ ಹೆಸರಾದುದು. ತಡಸಲೂ ಒಳ್ಳೆಯದು. ನಮ್ಮ ಕೆರೆಯಂಗಳಗಳ ಕರಿಜಾಲಿಯೂ ಸಾಕಷ್ಟು ಬಾಳುತ್ತದೆ. ಆದರೆ ಕಂಡ ಮರವನ್ನು ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯಿದೆ ಬಿಡುವುದಿಲ್ಲವಾದ್ದರಿಂದ ಮರದ ಅಡ್ಡೆಯಲ್ಲಿ ಕೊಳ್ಳುವುದೇ ಮೇಲು. ಸುಲಭವಾಗಿ ಸಿಗುವ ನೀಲಗಿರಿಯನ್ನು ನಾವು ಒಪ್ಪುವುದಿಲ್ಲ. ಅದರ ಎಳೆ ಬಹುಮಟ್ಟಿಗೆ ತಿರುಚಿಕೊಂಡಿರುತ್ತದೆ, ಒಣಗುವಾಗ ಸೀಳುವುದೂ ಉಂಟು.

ಜಾತಿಗಿಂತ ಮುಖ್ಯವಾದುದು ಎಳೆಯ ಓಟ. ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಾವಿನ ಜೊತೆಯಲ್ಲಿಯೇ ಸಾಗಬೇಕು. ನಡುವೆ ಎಲ್ಲಿಯಾದರೂ ಓರೆಯಾಗಿ ಪಕ್ಕಕ್ಕೆ ಹೊರಬಿದ್ದರೆ ಮುರಿಯುವುದು ಅಲ್ಲಿಯೇ. ಗಂಟು ಕೂಡದು, ಕೊಂಬೆಯ ನಡುವಣ ಮೆತ್ತನೆಯ ತಿರುಳೂ ಕೂಡದು. ಗರಗಸದಿಂದ ಕೊಯ್ದುದಕ್ಕಿಂತ ಸೀಳಿ ತೆಗೆದ ತುಂಡು ಉತ್ತಮ, ಏಕೆಂದರೆ ಸೀಳು ತಾನಾಗಿ ಎಳೆಯನ್ನು ಅನುಸರಿಸುತ್ತದೆ. ಅದನ್ನು ನೆರಳಿನಲ್ಲಿ ಇರಿಸಿ ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿರಿ. ಕೆಲವು ವಾರ ತೂಕ ಇಳಿಯದೆ ನಿಂತರೆ ಮರ ಒಣಗಿತೆಂದು ತಿಳಿಯಬಹುದು.

ಹಳೆಯ ಕಾವನ್ನು ತಲೆಯ ಬುಡದಲ್ಲಿ ಕೊಯ್ದು, ಕಣ್ಣಿನಲ್ಲಿ ಉಳಿದ ತುಂಡನ್ನು ಕೆಳಗಡೆಯಿಂದ ಮೇಲಕ್ಕೆ ಹೊಡೆದು ಕಳಚಬೇಕು. ಬೆಂಕಿಗೆ ಹಾಕಿ ಸುಡುವವರಿದ್ದಾರೆ; ಅಲಗಿನ ಹದ ಹೋಗುತ್ತದೆ, ಆಮೇಲೆ ಎಷ್ಟು ಸಾಣೆ ಹಿಡಿದರೂ ಬಾಯಿ ನಿಲ್ಲದು.

ಈಗ ಕಣ್ಣನ್ನು ನೋಡಿರಿ. ಕಾರ್ಖಾನೆಯ ಕೊಡಲಿಯಲ್ಲಿ ಅದು ಸಾಮಾನ್ಯವಾಗಿ ಮೇಲ್ಗಡೆ ಅಗಲವಾಗಿರುತ್ತದೆ. ಬೆಣೆ ಮರವನ್ನು ಆ ಅಗಲಕ್ಕೆ ಹಿಗ್ಗಿಸಿ, ತಲೆ ಜಾರದಂತೆ ತಡೆಯುತ್ತದೆ. ಬೆಣೆಯ ಕೆಲಸ ಇಷ್ಟೇ. ಪಿಕಾಸಿಯ ಕಾವು ಮೇಲಿನಿಂದ ಇಳಿಯುತ್ತದೆ, ಬೀಸಿದಷ್ಟೂ ಬಿಗಿಯುತ್ತದೆ. ಅದಕ್ಕೆ ಬೆಣೆಯ ಹಂಗಿಲ್ಲ.

ಕಣ್ಣಿನ ಆಳ 60 ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಕಾವಿನ ತುದಿಯನ್ನು ಕಣ್ಣಿಗಿಂತ ಕೂದಲೆಳೆಯಷ್ಟು ದಪ್ಪವಾಗಿ ಬಾಚಿಯಿಂದ ಕೆತ್ತಿ, ಕಣ್ಣಿನ ಉದ್ದದ ದಿಕ್ಕಿನಲ್ಲಿ 40 ಮಿಲಿಮೀಟರು ಆಳಕ್ಕೆ ಗರಗಸದ ಸೀಳು ಹಾಕಬೇಕು. ಕಣ್ಣಿನ ಒಳಗೋಡೆಗೆ ದೀಪದ ಮಸಿ ಸವರಿ ತಲೆಯನ್ನು ಸಿಕ್ಕಿಸಿ ತೆಗೆದರೆ, ಮರದಲ್ಲಿ ಎಲ್ಲಿ ಮಸಿ ಹತ್ತಿತೋ ಅಲ್ಲಿ ಮಾತ್ರ ಅರದಿಂದ ಉಜ್ಜಬೇಕು. ಇದನ್ನು ಹತ್ತು ಸಲ ಮಾಡಬೇಕಾದರೂ ಬೇಸರಿಸಬಾರದು. ಸಡಿಲವಾಗಿ ಕೆತ್ತಿದುದನ್ನು ಯಾವ ಬೆಣೆಯೂ ಕಾಪಾಡದು. ತಲೆಯನ್ನು ಕೂರಿಸಲು ಅದನ್ನು ಹೊಡೆಯಬೇಕಾಗಿಲ್ಲ. ಕಾವನ್ನು ತಲೆ ಕೆಳಗಾಗುವಂತೆ ತೂಗಿಹಿಡಿದು, ಮೇಲಿನ ತುದಿಗೆ ಮರದ ಕೊಡತಿಯಿಂದ ಏಟು ಹಾಕಿದರೆ, ಭಾರವಾದ ಕಬ್ಬಿಣ ನಿಂತಲ್ಲಿಯೇ ನಿಂತು ಕಾವು ಅದರೊಳಕ್ಕೆ ಇಳಿಯುತ್ತದೆ. ತುದಿ ಆಚೆ ಕಡೆ ನಾಲ್ಕೈದು ಮಿಲಿಮೀಟರು ಹೊರಬರಲಿ.

ಬೆಣೆ ಚೆನ್ನಾಗಿ ಒಣಗಿದ ಮರದ್ದಾಗಿರಲಿ. ಕಣ್ಣಿನ ಉದ್ದದಷ್ಟೇ ಅಗಲವಿದ್ದು ನಿಧಾನವಾಗಿ ತೆಳ್ಳಗಾಗುತ್ತ ಬರಲಿ. ದಿಢೀರನೆ ದಪ್ಪಗಾಗುವ ಬೆಣೆ ಏಟು ಬಿದ್ದಂತೆಲ್ಲ ಹಿಂದಕ್ಕೆ ಚಿಮ್ಮುತ್ತದೆ. ಎಣ್ಣೆ ಸವರಿದ್ದೂ ಹೀಗೆಯೇ. ಅದರ ತುದಿ ಸೀಳಿನ ತಳವನ್ನು ಮುಟ್ಟಬಾರದು. ಮುಟ್ಟಿದರೆ ಬಿಗಿಯಾದಂತೆ ತೋರಿದರೂ ಪಕ್ಕಗಳು ಹಿಗ್ಗಿರುವುದಿಲ್ಲ. ಹೊಡೆಯುತ್ತಿರುವಾಗ ಕಿವಿಗೊಡಿರಿ: ಮಂದವಾಗಿದ್ದ ಸದ್ದು ಗಟ್ಟಿಯಾಗಿ, ಬೆಣೆ ಕದಲದಾದಾಗ ನಿಲ್ಲಿಸಬೇಕು. ಮೊಳೆ ಬಡಿಯುವ ಅಭ್ಯಾಸ ಬಹಳ ಕಡೆಯಿದೆ. ಮೊಳೆ ಒಂದು ಕಡೆ ಮಾತ್ರ ಎಳೆಯನ್ನು ಬಿರಿಸುತ್ತದೆ, ಮರವನ್ನು ಉದ್ದಕ್ಕೂ ಹಿಗ್ಗಿಸುವುದಿಲ್ಲ. ಕೊನೆಗೆ ಹೊರಚಾಚಿದ ಬೆಣೆಯನ್ನು ಕೊಯ್ದು, ಕಾಣುವ ತುದಿಗೆ ಅಗಸೆ ಎಣ್ಣೆ ಕುಡಿಸಿದರೆ ತೇವ ಬೇಗ ಒಳಹೋಗುವುದಿಲ್ಲ.

ಸುತ್ತಿಗೆಗೂ ಕ್ರಮ ಇದೇ, ಅಳತೆ ಮಾತ್ರ ಸಣ್ಣದು. ತಲೆಯ ಬುಡದಲ್ಲಿ ಕಾವಿನ ಮೇಲೆ ಪೆನ್ಸಿಲಿನ ಗೆರೆಯೊಂದನ್ನು ಎಳೆದಿಡಿರಿ. ಮುಂದಿನ ಫಾಲ್ಗುಣದಲ್ಲಿ ತಲೆ ಆ ಗೆರೆಯಿಂದ ದೂರ ಸರಿದಿದ್ದರೆ ನೀರಿನ ತೊಟ್ಟಿಯ ಕಡೆ ಹೋಗದೆ, ಅದನ್ನು ಮತ್ತೆ ಗೆರೆಗೆ ಕೂರಿಸಿ ಹೊಸ ಬೆಣೆಯನ್ನು ಹೊಡೆಯಬೇಕು.